ಮೇಲ್ಮಹಡಿಯ ನಲ್ಲಿಗೆ ಒತ್ತಡ ಎಲ್ಲಿಂದ ಬರುತ್ತದೆ?

ಈ ಸಂವಾದದಲ್ಲಿ ಪ್ರಶ್ನೆ ಕೇಳುವವರು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಉತ್ತರಿಸುವವರು ಕಟ್ಟಡಗಳ ನೀರಿನ ವ್ಯವಸ್ಥೆಯನ್ನು ವಿನ್ಯಾಸಗೊಳಿಸುವ ಹಿರಿಯ ಎಂಜಿನಿಯರು. ಚರ್ಚೆಗೆ ಆಧಾರವಾದ ಕಟ್ಟಡ ಬೆಂಗಳೂರಿನ ಬಡಾವಣೆಗಳಲ್ಲಿ ಎಲ್ಲೆಲ್ಲೂ ಕಾಣುವ ಮಾದರಿಯದು: ನೆಲಮಟ್ಟದಲ್ಲಿ ವಾಹನಗಳ ನಿಲುಗಡೆ, ಅದರ ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕರಂತೆ 16 ಮನೆ, ಅಂಗಳದಲ್ಲಿ ಸಂಪು, ತಾರಸಿಯ ಮೇಲೆ ಒಂದಡಿ ಎತ್ತರದ ಕಟ್ಟೆಯಲ್ಲಿ ತಲಾ 3000 ಲೀಟರಿನ ಎರಡು ಟ್ಯಾಂಕು. ನಾಲ್ಕನೆಯ ಮಹಡಿಯ ಮನೆಗಳಲ್ಲಿ ಬೆಳಗಿನ 6 ಗಂಟೆಗೆ ಷವರ್‌ನಲ್ಲಿ ತಕ್ಕಮಟ್ಟಿಗೆ ನೀರು ಬರುತ್ತದೆ, 8 ಗಂಟೆಯ ಹೊತ್ತಿಗೆ ಅದು ತೊಟ್ಟಿಕ್ಕುವಷ್ಟಕ್ಕೆ ಇಳಿಯುತ್ತದೆ. ಈಗಿರುವ ಮೋಟರಿನ ಬದಲು 3 ಎಚ್.ಪಿ. ಮೋಟರನ್ನು ಕೂರಿಸುವುದು, ಜೊತೆಗೆ ಅಷ್ಟೇ ಗಾತ್ರದ ಮೂರನೆಯ ಟ್ಯಾಂಕೊಂದನ್ನು ಇಡುವುದು ಎಂಬ ಪ್ರಸ್ತಾವ ಸಂಘದ ಮುಂದಿದೆ.

ಕಾರ್ಯದರ್ಶಿ: ಮೋಟರು ದೊಡ್ಡದಾದರೆ ಒತ್ತಡ ಹೆಚ್ಚುತ್ತದೆ, ಟ್ಯಾಂಕು ದೊಡ್ಡದಾದರೆ ನೀರು ಸಾಲುತ್ತದೆ ಎಂಬುದು ಸದಸ್ಯರೆಲ್ಲರ ನಂಬಿಕೆ. ಈ ಪ್ರಸ್ತಾವದಲ್ಲಿ ದೋಷವೇನಿದೆ ಸಾರ್?

ಎಂಜಿನಿಯರು: ದೋಷ ಮೊದಲ ಮಾತಿನಲ್ಲೇ ಇದೆ. ಸಂಪಿನ ಮೋಟರು ನೀರನ್ನು ಟ್ಯಾಂಕಿಗೆ ಏರಿಸಿ ಅಲ್ಲಿ ಬಿಡುತ್ತದೆ. ಟ್ಯಾಂಕಿನ ಬಾಯಿಯಲ್ಲಿ ನೀರು ಗಾಳಿಗೆ ತೆರೆದುಕೊಂಡ ಕ್ಷಣಕ್ಕೆ ಮೋಟರಿನ ಒತ್ತಡ ಮುಗಿಯಿತು. ಅಲ್ಲಿಂದ ಮುಂದೆ ನಲ್ಲಿಗೆ ಸಿಗುವ ಒತ್ತಡವೆಲ್ಲ ಟ್ಯಾಂಕಿನ ನೀರಿನ ಮಟ್ಟಕ್ಕೂ ನಲ್ಲಿಗೂ ನಡುವಿನ ಎತ್ತರದ ವ್ಯತ್ಯಾಸದಿಂದಲೇ ಹುಟ್ಟಬೇಕು. ಈ ವ್ಯತ್ಯಾಸಕ್ಕೆ ಹೆಡ್ ಎಂದು ಹೆಸರು, ಅದನ್ನು ಮೀಟರಿನಲ್ಲಿ ಅಳೆಯುತ್ತಾರೆ, ಸುಮಾರು 10 ಮೀಟರ್ ಹೆಡ್ಡಿಗೆ ಒಂದು ಬಾರ್ ಒತ್ತಡ ಎಂಬ ಲೆಕ್ಕ ಬಳಕೆಯಲ್ಲಿದೆ. ಟ್ಯಾಂಕು 500 ಲೀಟರಿನದಿರಲಿ 50,000 ಲೀಟರಿನದಿರಲಿ, ನೀರಿನ ಮಟ್ಟ ಒಂದೇ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ನಿಂತ ನೀರಿನ ಒತ್ತಡವೂ ಒಂದೇ. ಟ್ಯಾಂಕಿನ ಗಾತ್ರ ಎಷ್ಟು ಹೊತ್ತು ನೀರು ಇರುತ್ತದೆ ಎಂಬುದನ್ನು ನಿರ್ಧರಿಸುತ್ತದೆ, ಟ್ಯಾಂಕಿನ ಎತ್ತರ ಎಷ್ಟು ರಭಸದಿಂದ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಇವೆರಡನ್ನು ಬೆರೆಸಿಕೊಂಡ ಸಭೆಗಳು ಹಣ ಸುರಿದ ಮೇಲೂ ಅದೇ ದೂರನ್ನು ಕೇಳಬೇಕಾಗುತ್ತದೆ.

ಕಾರ್ಯದರ್ಶಿ: ಹಾಗಾದರೆ ನಾಲ್ಕನೆಯ ಮಹಡಿಯ ಷವರ್‌ಗೆ ಈಗ ಎಷ್ಟು ಹೆಡ್ ಸಿಗುತ್ತಿದೆ ಎಂಬುದನ್ನು ಲೆಕ್ಕ ಹಾಕಲು ಸಾಧ್ಯವೇ?

ಎಂಜಿನಿಯರು: ಅಳತೆ ಪಟ್ಟಿಯೊಂದಿದ್ದರೆ ಸಾಕು. ಮಹಡಿಗೆ 3 ಮೀಟರಿನಂತೆ ಎಣಿಸಿದರೆ ನಾಲ್ಕನೆಯ ಮಹಡಿಯ ನೆಲ ಅಂಗಳದಿಂದ 12 ಮೀಟರ್ ಮೇಲೆ, ತಾರಸಿ 15 ಮೀಟರ್ ಮೇಲೆ ಇದೆ. ಷವರ್ ಅನ್ನು ನೆಲದಿಂದ ಸುಮಾರು 2.1 ಮೀಟರ್ ಎತ್ತರದಲ್ಲಿ ಕೂರಿಸುವುದರಿಂದ ಅದರ ಮಟ್ಟ 14.1 ಮೀಟರ್. ಟ್ಯಾಂಕಿನ ತಳ ಕಟ್ಟೆಯ ಮೇಲೆ 15.3 ಮೀಟರಿನಲ್ಲಿದೆ, ತುಂಬಿದಾಗ ಒಳಗೆ 1.6 ಮೀಟರ್ ಆಳದ ನೀರಿರುತ್ತದೆ ಎಂದಿಟ್ಟುಕೊಂಡರೆ ನೀರಿನ ಮಟ್ಟ 16.9 ಮೀಟರ್. ಎರಡರ ವ್ಯತ್ಯಾಸ 2.8 ಮೀಟರ್, ಅಂದರೆ ಒಂದು ಬಾರ್‌ನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಟ್ಯಾಂಕು ತುಂಬಿ ತುಳುಕುತ್ತಿರುವಾಗಲೂ ಆ ಮನೆಗೆ ಸಿಗುವ ಬಂಡವಾಳ ಇಷ್ಟೇ. ಮೊದಲನೆಯ ಮಹಡಿಯ ಷವರ್ ಇದಕ್ಕಿಂತ 9 ಮೀಟರ್ ಕೆಳಗಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ 12 ಮೀಟರ್ ಹೆಡ್ ಸಿಗುತ್ತದೆ.

ಕಾರ್ಯದರ್ಶಿ: 6 ಗಂಟೆಗೆ ಸಾಧಾರಣವಾಗಿ ಬರುವ ನೀರು 8 ಗಂಟೆಗೆ ನಿಂತುಹೋಗಲು ಕಾರಣವೇನು? ಆ ಹೊತ್ತಿನಲ್ಲಿ ತಾರಸಿ ಹತ್ತಿ ನೋಡಿದರೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ.

ಎಂಜಿನಿಯರು: ಟ್ಯಾಂಕು ಖಾಲಿಯಾಗದೆಯೂ ನೀರು ನಿಲ್ಲುತ್ತದೆ ಎಂಬ ಈ ಸಂಗತಿಯೇ ರೋಗದ ಮುಖ್ಯ ಲಕ್ಷಣ, ಇದನ್ನು ಗಮನಿಸಿದ್ದು ಒಳ್ಳೆಯದಾಯಿತು. ಇದಕ್ಕೆ ಎರಡು ಕಾರಣಗಳು ಕೂಡಿಕೊಂಡಿವೆ. ಮೊದಲನೆಯದು ಮಟ್ಟದ ಇಳಿತ. ಈ ಕಟ್ಟಡದಲ್ಲಿ ಮನೆಗೆ ನಾಲ್ವರಂತೆ 64 ಜನರಿದ್ದಾರೆ ಎನ್ನೋಣ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಸತಿ ಬಳಕೆಗೆ ಸೂಚಿಸುವ ತಲಾ 135 ಲೀಟರಿನ ಪ್ರಕಾರ ದಿನದ ಬಳಕೆ 8640 ಲೀಟರ್. ಇದರ ಸುಮಾರು ಶೇಕಡ 40 ಭಾಗ, ಅಂದರೆ 3450 ಲೀಟರ್, ಬೆಳಗಿನ ಮೂರು ಗಂಟೆಗಳಲ್ಲೇ ಖರ್ಚಾಗುತ್ತದೆ ಎಂದು ಹಿಡಿದರೆ 8 ಗಂಟೆಯ ಹೊತ್ತಿಗೆ 2300 ಲೀಟರ್ ಹೋಗಿರುತ್ತದೆ. ಎರಡು ಟ್ಯಾಂಕುಗಳ ತಳದ ಒಟ್ಟು ವಿಸ್ತೀರ್ಣ 3.75 ಚದರ ಮೀಟರ್ ಆಗಿರುವುದರಿಂದ ಮಟ್ಟ ಸುಮಾರು 60 ಸೆಂಟಿಮೀಟರ್ ಇಳಿದು, 2.8 ಮೀಟರ್ ಇದ್ದ ಹೆಡ್ 2.2 ಮೀಟರಿಗೆ ಬಂದಿರುತ್ತದೆ. ಕೆಳಗಿನ ಮಹಡಿಯವರಿಗೆ 12 ಮೀಟರಿನಲ್ಲಿ 60 ಸೆಂಟಿಮೀಟರ್ ಹೋದದ್ದು ಅರಿವಿಗೂ ಬರುವುದಿಲ್ಲ; ಮೇಲಿನವರಿಗೆ ಇದ್ದದ್ದರಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಯಿತು.

ಕಾರ್ಯದರ್ಶಿ: ಆದರೂ 2.2 ಮೀಟರ್ ಉಳಿದಿದೆಯಲ್ಲವೇ? ಅದರಲ್ಲಿ ನೀರು ಹರಿಯಬೇಕಾಗಿತ್ತು.

ಎಂಜಿನಿಯರು: ಆ ಉಳಿಕೆಯನ್ನು ತಿನ್ನುವುದು ಎರಡನೆಯ ಕಾರಣವಾದ ಘರ್ಷಣಾ ನಷ್ಟ. ನೀರು ಪೈಪಿನಲ್ಲಿ ನಿಂತಿದ್ದಾಗ ಹೆಡ್ ಪೂರ್ತಿಯಾಗಿ ಇರುತ್ತದೆ. ಹರಿಯತೊಡಗಿದ ಕೂಡಲೇ ಪೈಪಿನ ಒಳಮೈಗೆ, ಮೊಳಕೈಗಳಿಗೆ, ವಾಲ್ವುಗಳಿಗೆ ಉಜ್ಜಿಕೊಂಡು ಅದರ ಒಂದು ಭಾಗ ಸವೆಯುತ್ತದೆ, ಆ ಸವೆತಕ್ಕೇ ಘರ್ಷಣಾ ನಷ್ಟ ಎನ್ನುತ್ತಾರೆ. ಈ ಕಟ್ಟಡದಲ್ಲಿ ಎರಡೂ ಟ್ಯಾಂಕುಗಳಿಂದ 40 ಮಿಲಿಮೀಟರ್ ಒಳವ್ಯಾಸದ ಒಂದೇ ಪೈಪು ಹೊರಟು, ತಾರಸಿಯ ಮೇಲೆ ಸುತ್ತಿ ಬಂದು, ನಾಲ್ಕನೆಯ ಮಹಡಿಗೆ ಕವಲು ಕೊಟ್ಟು, ಅದೇ ಪೈಪು ಕೆಳಗಿನ ಮೂರು ಮಹಡಿಗಳಿಗೂ ಇಳಿಯುತ್ತದೆ. ಬೆಳಗಿನ ನೂಕುನುಗ್ಗಲಿನಲ್ಲಿ 16 ಮನೆಗಳೂ ಸೇರಿ ಸೆಕೆಂಡಿಗೆ 2 ಲೀಟರ್ ಎಳೆಯುತ್ತವೆ ಎಂದು ಎಣಿಸಬಹುದು. ತಾರಸಿಯ ಮೇಲಿನ ಪೈಪಿನ ಉದ್ದಕ್ಕೆ ಮೊಳಕೈ, ವಾಲ್ವುಗಳ ತಡೆಯನ್ನೂ ಸೇರಿಸಿ ಒಟ್ಟು 30 ಮೀಟರ್ ಉದ್ದವೆಂದು ಹಿಡಿದು, ಹೇಜನ್–ವಿಲಿಯಮ್ಸ್ ಸೂತ್ರದಿಂದ ಲೆಕ್ಕ ಹಾಕಿದರೆ ಅಲ್ಲಿ ಆಗುವ ನಷ್ಟ ಸುಮಾರು 2.2 ಮೀಟರ್.

ಕಾರ್ಯದರ್ಶಿ: ಅಂದರೆ 8 ಗಂಟೆಗೆ ಇರುವ ಹೆಡ್ಡೂ 2.2 ಮೀಟರ್, ನಷ್ಟವೂ 2.2 ಮೀಟರ್!

ಎಂಜಿನಿಯರು: ಅದಕ್ಕಾಗಿಯೇ ಆ ಹೊತ್ತಿಗೆ ಷವರ್ ತೊಟ್ಟಿಕ್ಕುತ್ತದೆ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ 2 ಲೀಟರಿನ ಹರಿವಿನಲ್ಲಿ ಒಂದೂವರೆ ಲೀಟರಿನಷ್ಟು ಕೆಳಗಿನ ಮೂರು ಮಹಡಿಗಳದ್ದು. ಅವರಿಗೆ ಹೆಡ್ ಧಾರಾಳವಾಗಿರುವುದರಿಂದ ಅವರ ನಲ್ಲಿಗಳು ನೀರನ್ನು ಜೋರಾಗಿ ಎಳೆದುಕೊಳ್ಳುತ್ತವೆ, ಆ ಎಳೆತಕ್ಕೆ ತಾರಸಿಯ ಪೈಪಿನಲ್ಲಿ ತೆರಬೇಕಾದ ಘರ್ಷಣೆಯ ತೆರಿಗೆಯನ್ನು ಮಾತ್ರ ನಾಲ್ಕನೆಯ ಮಹಡಿಯವರ ಪುಟ್ಟ ಬಂಡವಾಳದಿಂದ ಕಟ್ಟಬೇಕಾಗಿ ಬರುತ್ತದೆ. ಕೆಲವೊಮ್ಮೆ ಕವಲಿನ ಬಳಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ, ಮೇಲಿನ ಮನೆಯ ನಲ್ಲಿ ತಿರುಗಿಸಿದರೆ ನೀರು ಬರುವ ಬದಲು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಸದ್ದು ಕೇಳುವುದುಂಟು. ಕೆಳಗಿನ ಮನೆಯಲ್ಲಿ ಬಾಲ್ದಿ ತುಂಬುವಾಗ ಮೇಲಿನ ಮನೆಯ ನೀರು ತೆಳ್ಳಗಾಗುತ್ತದೆ ಎಂದರೆ ದೋಷ ಹಂಚಿಕೊಂಡ ಪೈಪಿನದು, ಟ್ಯಾಂಕಿನ ಗಾತ್ರದ್ದಲ್ಲ.

ಕಾರ್ಯದರ್ಶಿ: ಬೇರೊಂದು ಕಟ್ಟಡದವರು ಹೆಚ್ಚುವರಿ ಟ್ಯಾಂಕು ಇಟ್ಟ ಮೇಲೆ ಒತ್ತಡ ಸ್ವಲ್ಪ ಸುಧಾರಿಸಿತು ಎನ್ನುತ್ತಾರೆ. ಅದು ಸುಳ್ಳೇ?

ಎಂಜಿನಿಯರು: ಸುಳ್ಳಲ್ಲ, ಆದರೆ ಕಾರಣ ಬೇರೆ. ಮೂರನೆಯ ಟ್ಯಾಂಕು ಬಂದರೆ ತಳದ ಒಟ್ಟು ವಿಸ್ತೀರ್ಣ ಹೆಚ್ಚುತ್ತದೆ, ಅದೇ 2300 ಲೀಟರ್ ಖರ್ಚಾದಾಗ ಮಟ್ಟ 60ರ ಬದಲು ಸುಮಾರು 40 ಸೆಂಟಿಮೀಟರ್ ಇಳಿಯುತ್ತದೆ. ಸಿಕ್ಕ ಲಾಭ 20 ಸೆಂಟಿಮೀಟರ್. ಇಷ್ಟೇ ಲಾಭವನ್ನು, ಇನ್ನೂ ಹೆಚ್ಚಿನದನ್ನೂ, ಖರ್ಚಿಲ್ಲದೆ ಪಡೆಯಬಹುದು: ಟ್ಯಾಂಕಿನ ಫ್ಲೋಟ್ ಸ್ವಿಚ್ಚು, ಅಂದರೆ ನೀರಿನ ಮಟ್ಟ ನೋಡಿ ಮೋಟರನ್ನು ತಾನೇ ಚಾಲೂ ಮಾಡುವ ಗುಂಡಿ, ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದ ಮೇಲೆ ಕೆಲಸ ಮಾಡುವಂತೆ ಕಟ್ಟಿರುತ್ತಾರೆ, ಅದನ್ನು 30 ಸೆಂಟಿಮೀಟರ್ ಇಳಿದಾಗಲೇ ಮೋಟರು ಓಡುವಂತೆ ಮೇಲಕ್ಕೆ ಕಟ್ಟಿದರೆ ಬೆಳಗಿನ ಹೊತ್ತಿನಲ್ಲಿ ಮಟ್ಟ ತುಂಬಿದ ಸ್ಥಿತಿಯ ಹತ್ತಿರದಲ್ಲೇ ಇರುತ್ತದೆ. ಸಂಪಿನ ಮೋಟರು ಮನೆಯ ಒತ್ತಡಕ್ಕೆ ಮಾಡಬಲ್ಲ ಸಹಾಯ ಇದೊಂದೇ.

ಕಾರ್ಯದರ್ಶಿ: ಹಾಗಿದ್ದರೆ ಈಗಿರುವ 6000 ಲೀಟರ್ ಸಂಗ್ರಹ ಸಾಲುತ್ತದೆಯೇ ಎಂಬುದನ್ನು ಹೇಗೆ ತೀರ್ಮಾನಿಸಬೇಕು?

ಎಂಜಿನಿಯರು: ಮೇಲಿನ ಟ್ಯಾಂಕಿನಲ್ಲಿ ಇರಬೇಕಾದದ್ದು ಅತಿ ಹೆಚ್ಚು ಬಳಕೆಯ ಹೊತ್ತನ್ನು ದಾಟಿಸುವಷ್ಟು ನೀರು, ಅದರ ಮೇಲೆ ಕರೆಂಟು ಹೋದರೆ ಅಥವಾ ಮೋಟರು ಕೆಟ್ಟರೆ ಕೆಲವು ಗಂಟೆ ನಡೆಯುವಷ್ಟು ಕಾಪು. ಬೆಳಗಿನ 3450 ಲೀಟರ್ ಕಳೆದರೂ 2500 ಲೀಟರ್ ಉಳಿಯುತ್ತದೆ, ದಿನದ ಬಳಕೆಯ ಶೇಕಡ 70 ಭಾಗ ತಲೆಯ ಮೇಲೆಯೇ ಇದೆ; ಇಂಥ ಕಟ್ಟಡಕ್ಕೆ ಇದು ಸಾಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ, ಟ್ಯಾಂಕರ್ ಕಾಯಬೇಕಾದ ಕಡೆ ದೊಡ್ಡ ಸಂಗ್ರಹ ಬೇಕು ನಿಜ, ಆದರೆ ಆ ಸಂಗ್ರಹ ಇರಬೇಕಾದ ಜಾಗ ಸಂಪು. 3000 ಲೀಟರ್ ನೀರೆಂದರೆ 3 ಟನ್ ಭಾರ. ಅದನ್ನು ತಾರಸಿಯ ಹಲಗೆಯ ನಡುಮಧ್ಯದಲ್ಲಿ ತಂದಿಡುವುದು ಕಟ್ಟಡಕ್ಕೆ ಎಸಗುವ ಅನ್ಯಾಯ. ಬೆಂಕಿ ನಂದಿಸಲೆಂದು ಇಡುವ ನೀರಿನ ಲೆಕ್ಕ ಬೇರೆಯೇ, ಅದನ್ನು ದಿನಬಳಕೆಯ ಸಂಗ್ರಹದೊಂದಿಗೆ ಸೇರಿಸಬಾರದು. ಒಂದು ದೊಡ್ಡ ಟ್ಯಾಂಕಿಗಿಂತ ಎರಡು ಟ್ಯಾಂಕು ಲೇಸು, ಏಕೆಂದರೆ ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತಿರುತ್ತದೆ.

ಕಾರ್ಯದರ್ಶಿ: ಮೇಲಿನ ಮನೆಗಳಿಗೆ ಎಷ್ಟು ಹೆಡ್ ಸಿಕ್ಕರೆ ತೃಪ್ತಿಕರ ಎನ್ನಬಹುದು?

ಎಂಜಿನಿಯರು: ಸಾದಾ ನಲ್ಲಿಗೆ ಒಂದೆರಡು ಮೀಟರ್ ಸಾಕು, ಬಾಲ್ದಿ ನಿಧಾನವಾಗಿಯಾದರೂ ತುಂಬುತ್ತದೆ. ಮಾಮೂಲು ಷವರ್‌ಗೆ ನೀರು ಹರಿಯುತ್ತಿರುವಾಗಲೇ 3ರಿಂದ 5 ಮೀಟರ್ ಬೇಕು. ಬಟ್ಟೆ ತೊಳೆಯುವ ಯಂತ್ರಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 0.3ರಿಂದ 0.5 ಬಾರ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಹೆಡ್ ಬೇಕೆಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಯಂತ್ರ ನೀರಿಗೆ ಕಾಯುತ್ತಾ ನಿಂತುಬಿಡುತ್ತದೆ. ತಲೆಯ ಮೇಲೆ ಮಳೆ ಸುರಿಯುವಂತೆ ಮಾಡಿದ ಅಗಲವಾದ ಷವರ್‌ಗಳು ಇನ್ನೂ ಹೆಚ್ಚು ಕೇಳುತ್ತವೆ. ಮೇಲ್ಮಹಡಿಯ ಮನೆಯವರು ಅಂಥದ್ದನ್ನು ಕೊಳ್ಳುವ ಮೊದಲು ಅದಕ್ಕೆ ಬೇಕಾದ ಒತ್ತಡವನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳುವುದು ಅವಶ್ಯ.

ಕಾರ್ಯದರ್ಶಿ: ಈ ಕಟ್ಟಡದಲ್ಲಿ ತುಂಬಿದ ಟ್ಯಾಂಕಿಗೇ 2.8 ಮೀಟರ್ ಇರುವುದರಿಂದ ಷವರ್‌ನ ಆಸೆ ಬಿಡಬೇಕೆಂದು ಅರ್ಥವೇ?

ಎಂಜಿನಿಯರು: ಬಿಡಬೇಕಾಗಿಲ್ಲ, ಮೊದಲು ನಷ್ಟವನ್ನು ಕಡಿಮೆ ಮಾಡಬೇಕು, ಆಮೇಲೆ ಎತ್ತರವನ್ನು ಹೆಚ್ಚಿಸಬೇಕು. ನಷ್ಟ ಪೈಪಿನ ವ್ಯಾಸಕ್ಕೆ ಎಷ್ಟು ತೀವ್ರವಾಗಿ ಸ್ಪಂದಿಸುತ್ತದೆ ಎಂಬುದನ್ನು ಸದಸ್ಯರಿಗೆ ತಿಳಿಸಿದರೆ ಅವರಿಗೆ ನಂಬಲು ಕಷ್ಟವಾಗಬಹುದು. 40 ಮಿಲಿಮೀಟರಿನ ಬದಲು 50 ಮಿಲಿಮೀಟರ್ ಒಳವ್ಯಾಸದ ಪೈಪು ಹಾಕಿದರೆ ಅದೇ 2 ಲೀಟರ್ ಹರಿವಿಗೆ ನಷ್ಟ 2.2 ಮೀಟರಿನಿಂದ ಸುಮಾರು 0.75 ಮೀಟರಿಗೆ ಇಳಿಯುತ್ತದೆ. ವ್ಯಾಸ ಕಾಲು ಭಾಗ ಹಿಗ್ಗಿದರೆ ನಷ್ಟ ಮೂರನೆಯ ಒಂದು ಭಾಗಕ್ಕೆ ಬರುತ್ತದೆ. ಇದಕ್ಕಿಂತ ಉತ್ತಮ ದಾರಿ ನಾಲ್ಕನೆಯ ಮಹಡಿಗೆ ಬೇರೆಯೇ ಪೈಪು ಕೊಡುವುದು. ಈಗಿರುವ 40 ಮಿಲಿಮೀಟರ್ ಪೈಪನ್ನು ನಾಲ್ಕನೆಯ ಮಹಡಿಯೊಂದಕ್ಕೇ ಮೀಸಲಿಟ್ಟು, ಕೆಳಗಿನ ಮೂರು ಮಹಡಿಗಳಿಗೆ ಟ್ಯಾಂಕಿನಿಂದಲೇ ಹೊಸದೊಂದು 50 ಮಿಲಿಮೀಟರ್ ಪೈಪು ಎಳೆದರೆ, ಮೇಲಿನ ನಾಲ್ಕು ಮನೆಗಳ ಸುಮಾರು 0.65 ಲೀಟರ್ ಹರಿವಿಗೆ ತಾರಸಿಯ ಪೈಪಿನಲ್ಲಿ ಆಗುವ ನಷ್ಟ 30 ಸೆಂಟಿಮೀಟರಿಗಿಂತ ಕಡಿಮೆ. 8 ಗಂಟೆಯ ಹೊತ್ತಿನಲ್ಲೂ 1.9 ಮೀಟರ್ ಉಳಿಯುತ್ತದೆ. ಕೆಳಗಿನವರು ಎಷ್ಟೇ ನಲ್ಲಿ ತಿರುಗಿಸಿದರೂ ಅದು ಅಲುಗಾಡುವುದಿಲ್ಲ. ಏರಿಳಿತವಿಲ್ಲದ ಒತ್ತಡ ಬೇಕೆಂಬವರಿಗೆ ಇದೇ ಮೊದಲ ಕೆಲಸ, ಇದು ಒಬ್ಬ ಪ್ಲಂಬರು ಒಂದೆರಡು ದಿನದಲ್ಲಿ ಮಾಡಿ ಮುಗಿಸುವಂಥದ್ದು.

ಕಾರ್ಯದರ್ಶಿ: ಪೈಪು ಎಳೆಯುವಾಗ ಎಚ್ಚರ ವಹಿಸಬೇಕಾದ ಅಂಶಗಳು ಇವೆಯೇ?

ಎಂಜಿನಿಯರು: ಒಂದು ಮುಖ್ಯವಾದದ್ದಿದೆ. ತಾರಸಿಯ ಮೇಲೆ ಪೈಪು ಎಲ್ಲಿಯೂ ಗೂನು ಬೀಳಬಾರದು. ನಡೆದಾಡಲು ಅಡ್ಡಿ ಎಂದು ಪೈಪನ್ನು ಒಂದು ಕಡೆ ಮೇಲಕ್ಕೆ ಎತ್ತಿ ದಾಟಿಸಿದರೆ ಆ ಗೂನಿನ ನೆತ್ತಿಯಲ್ಲಿ ಗಾಳಿ ಸೇರಿಕೊಂಡು ನೀರಿನ ದಾರಿಯನ್ನು ಕಟ್ಟುತ್ತದೆ, ಇದನ್ನೇ ಪ್ಲಂಬರುಗಳು ಏರ್ ಲಾಕ್ ಎನ್ನುತ್ತಾರೆ. ಕೆಳಮಹಡಿಗಳ ದೊಡ್ಡ ಹೆಡ್ ಆ ಗಾಳಿಯನ್ನು ತಳ್ಳಿಕೊಂಡು ಹೋಗಬಹುದು, ಎರಡು ಮೀಟರಿನ ಹೆಡ್ಡಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಟ್ಯಾಂಕಿನಿಂದ ಹೊರಟ ಪೈಪು ಒಂದೇ ದಿಕ್ಕಿಗೆ ಇಳಿಜಾರಾಗಿರಬೇಕು, ಹೊರಹರಿವಿನ ಗೇಟ್ ವಾಲ್ವಿನ ಮುಂದೆ ಒಂದು ಸಣ್ಣ ಗಾಳಿಕೊಳವೆಯನ್ನು ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲಕ್ಕೆ ನಿಲ್ಲಿಸಿರಬೇಕು. ಟ್ಯಾಂಕು ತೊಳೆದು ಮತ್ತೆ ನೀರು ಬಿಟ್ಟ ದಿನವೇ ಮೇಲ್ಮಹಡಿಗೆ ನೀರು ಬರುವುದಿಲ್ಲ ಎಂಬ ದೂರು ಬಂದರೆ ಈ ಕೊಳವೆ ಇಲ್ಲವೆಂದೋ ಕಟ್ಟಿಕೊಂಡಿದೆಯೆಂದೋ ತಿಳಿಯಬೇಕು.

ಕಾರ್ಯದರ್ಶಿ: ಇನ್ನು ಎತ್ತರದ ಪ್ರಶ್ನೆ. ಟ್ಯಾಂಕನ್ನು ಎಷ್ಟು ಮೇಲಕ್ಕೆ ಎತ್ತಬೇಕು?

ಎಂಜಿನಿಯರು: ತಾರಸಿಯಿಂದ 3 ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿದರೆ ಟ್ಯಾಂಕಿನ ತಳ 18 ಮೀಟರಿಗೆ ಬರುತ್ತದೆ. ಪೈಪು ಬೇರ್ಪಡಿಸಿದ ಲಾಭವೂ ಸೇರಿ 8 ಗಂಟೆಯ ಹೊತ್ತಿಗೆ ನಾಲ್ಕನೆಯ ಮಹಡಿಯ ಷವರ್‌ಗೆ ಸುಮಾರು 4.6 ಮೀಟರ್ ಸಿಗುತ್ತದೆ. ಮನೆಯೊಳಗಿನ ಸಣ್ಣ ಪೈಪುಗಳಲ್ಲಿ ಒಂದು ಮೀಟರ್ ಕಳೆದರೂ ಷವರ್ ಚೆನ್ನಾಗಿಯೇ ಸುರಿಯುತ್ತದೆ, ಬಟ್ಟೆ ತೊಳೆಯುವ ಯಂತ್ರವೂ ನಡೆಯುತ್ತದೆ. ಆದರೆ ನೀರು ತುಂಬಿದ ಎರಡು ಟ್ಯಾಂಕುಗಳ 6 ಟನ್ ಭಾರವನ್ನು, ಗಾಳಿಯ ತಳ್ಳುವಿಕೆಯನ್ನೂ ತಾಳಿಕೊಂಡು, ಕೆಳಗಿನ ಕಂಬಗಳ ನೆತ್ತಿಗೇ ಇಳಿಸುವಂತೆ ಸ್ಟ್ಯಾಂಡನ್ನು ಕಟ್ಟಬೇಕು. ಕಟ್ಟಡದ ನಕ್ಷೆ ನೋಡಿ ಕಂಬಗಳು ಎಲ್ಲಿವೆ ಎಂದು ಗುರುತಿಸದೆ, ಸ್ಟ್ರಕ್ಚರಲ್ ಎಂಜಿನಿಯರಿನ ಸಹಿ ಇಲ್ಲದೆ, ಬರಿಯ ವೆಲ್ಡಿಂಗ್ ಕೆಲಸದವರ ಅಂದಾಜಿನ ಮೇಲೆ ಇದನ್ನು ಮಾಡಿಸಬಾರದು. ಇಲ್ಲಿ ರಾಜಿಗೆ ಜಾಗವಿಲ್ಲ.

ಕಾರ್ಯದರ್ಶಿ: ಕಟ್ಟಡ ಆ ಭಾರವನ್ನು ಎತ್ತರದಲ್ಲಿ ಹೊರಲಾರದು ಎಂದು ಅವರು ಹೇಳಿದರೆ?

ಎಂಜಿನಿಯರು: ಆಗ ನಾಲ್ಕನೆಯ ಮಹಡಿಯ ಪ್ರತ್ಯೇಕ ಪೈಪಿಗೆ ಮಾತ್ರ ತಾರಸಿಯಲ್ಲೇ ಒಂದು ಪ್ರೆಷರ್ ಪಂಪು ಕೂರಿಸಬಹುದು. ನಲ್ಲಿ ತಿರುಗಿಸಿದೊಡನೆ ತಾನೇ ಓಡಿ, ಮುಚ್ಚಿದೊಡನೆ ನಿಲ್ಲುವ ಪಂಪಿದು. ಸೆಕೆಂಡಿಗೆ 0.65 ಲೀಟರನ್ನು 10ರಿಂದ 12 ಮೀಟರ್ ಹೆಡ್ಡಿನಲ್ಲಿ ಕೊಡಲು ಅರ್ಧ ಎಚ್.ಪಿ. ಸಾಕು. ಪಂಪಿನ ಪಕ್ಕದಲ್ಲಿ ಹಿಮ್ಮುಖ ತಡೆಯುವ ವಾಲ್ವಿರುವ ಅಡ್ಡದಾರಿಯೊಂದನ್ನು ಬಿಟ್ಟರೆ ಕರೆಂಟು ಹೋದಾಗಲೂ ನೀರು ತನ್ನಷ್ಟಕ್ಕೆ ಇಳಿಯುತ್ತದೆ. ಮಾಡಬಾರದ ಕೆಲಸವೆಂದರೆ, ಒಬ್ಬೊಬ್ಬ ಮನೆಯವರೂ ಹಂಚಿಕೊಂಡ ಪೈಪಿಗೇ ತಮ್ಮ ಸ್ವಂತ ಪಂಪು ಜೋಡಿಸಿಕೊಳ್ಳುವುದು. ಆ ಪಂಪು ಹೊಸ ನೀರನ್ನು ತರುವುದಿಲ್ಲ, ಪಕ್ಕದ ಮನೆಯ ಪಾಲನ್ನು ಎಳೆದುಕೊಳ್ಳುತ್ತದೆ. ಸಂಘದ ನಿಯಮದಲ್ಲಿಯೇ ಇದನ್ನು ನಿಷೇಧಿಸುವುದು ಒಳ್ಳೆಯದು.

ಕಾರ್ಯದರ್ಶಿ: ಟ್ಯಾಂಕು 3 ಮೀಟರ್ ಮೇಲಕ್ಕೆ ಹೋದರೆ ಸಂಪಿನ ಮೋಟರು ಬದಲಾಗಬೇಕಲ್ಲವೇ? 3 ಎಚ್.ಪಿ. ಪ್ರಸ್ತಾವಕ್ಕೆ ಆಗ ಅರ್ಥ ಬರುತ್ತದೆಯೇ?

ಎಂಜಿನಿಯರು: ಮೋಟರನ್ನು ಎಚ್.ಪಿ.ಯಿಂದ ಆರಿಸುವ ರೂಢಿಯೇ ತಪ್ಪು. ಎರಡು ಸಂಖ್ಯೆಗಳನ್ನು ಮೊದಲು ಬರೆದುಕೊಳ್ಳಬೇಕು: ಗಂಟೆಗೆ ಎಷ್ಟು ಲೀಟರ್, ಎಷ್ಟು ಮೀಟರ್ ಹೆಡ್ಡಿನಲ್ಲಿ. ದಿನದ 8640 ಲೀಟರನ್ನು ಎರಡು ಗಂಟೆಯೊಳಗೆ ಏರಿಸಲು ಗಂಟೆಗೆ 5000 ಲೀಟರ್ ಸಾಕು, ಇದು ಬೆಳಗಿನ ಬಳಕೆಯ ಸರಾಸರಿಗಿಂತ ನಾಲ್ಕು ಪಟ್ಟು ಹೆಚ್ಚು. ಹೆಡ್ಡಿನ ಲೆಕ್ಕಕ್ಕೆ ಸಂಪಿನಲ್ಲಿ ನೀರು ತೀರ ಕೆಳಗಿರುವ ಮಟ್ಟದಿಂದ, ಅಂದರೆ ಅಂಗಳದಿಂದ ಎರಡೂವರೆ ಮೀಟರ್ ಕೆಳಗಿನಿಂದ, ಟ್ಯಾಂಕಿನೊಳಕ್ಕೆ ನೀರು ಬೀಳುವ ಬಾಯಿಯವರೆಗೆ ಅಳೆಯಬೇಕು. ಹೊಸ ಸ್ಟ್ಯಾಂಡಿನ ಮೇಲೆ ಆ ಬಾಯಿ 19.7 ಮೀಟರಿನಲ್ಲಿರುತ್ತದೆ, ಒಟ್ಟು ಏರು 22.2 ಮೀಟರ್. 40 ಮಿಲಿಮೀಟರ್ ಒಳವ್ಯಾಸದ ಡೆಲಿವರಿ ಪೈಪಿನಲ್ಲಿ, ಮೊಳಕೈಗಳೂ ಸೇರಿ 50 ಮೀಟರ್ ಉದ್ದಕ್ಕೆ, ಸುಮಾರು 2 ಮೀಟರ್ ನಷ್ಟ. ತುಸು ಕಾಪು ಸೇರಿಸಿ 26 ಮೀಟರ್ ಎಂದಿಟ್ಟುಕೊಳ್ಳಬಹುದು. ಈ ಕೆಲಸಕ್ಕೆ ನೀರಿಗೆ ಸೇರಬೇಕಾದ ಶಕ್ತಿ ಸುಮಾರು 360 ವಾಟ್. ಸಣ್ಣ ಪಂಪುಗಳ ದಕ್ಷತೆ ಶೇಕಡ 45ರ ಆಸುಪಾಸು ಎಂದು ಹಿಡಿದರೆ 800 ವಾಟ್, ಅಂದರೆ ಒಂದು ಎಚ್.ಪಿ.ಗಿಂತ ಸ್ವಲ್ಪ ಮೇಲೆ. ಒಂದೂವರೆ ಎಚ್.ಪಿ. ಪಂಪು ಧಾರಾಳವಾಯಿತು.

ಕಾರ್ಯದರ್ಶಿ: ಅಂಗಡಿಯಲ್ಲಿ ಪಂಪಿನ ಮೇಲೆ ಗರಿಷ್ಠ ಹೆಡ್ 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕೊಳ್ಳಬಹುದೇ?

ಎಂಜಿನಿಯರು: ಅದನ್ನಷ್ಟೇ ನೋಡಿ ಕೊಳ್ಳಬಾರದು. ಗರಿಷ್ಠ ಹೆಡ್ ಎಂದರೆ ಆ ಎತ್ತರದಲ್ಲಿ ಪಂಪು ನೀರನ್ನು ಹಿಡಿದು ನಿಲ್ಲಿಸಬಲ್ಲದು, ಒಂದು ಹನಿಯನ್ನೂ ಹೊರಕ್ಕೆ ಸುರಿಸಲಾರದು. ತಯಾರಕರು ಕೊಡುವ ಪಟ್ಟಿಯಲ್ಲಿ ಒಂದೊಂದು ಹೆಡ್ಡಿನ ಎದುರಿಗೆ ಗಂಟೆಗೆ ಎಷ್ಟು ಲೀಟರ್ ಎಂದು ಬರೆದಿರುತ್ತದೆ. 26 ಮೀಟರಿನ ಎದುರಿಗೆ 5000ದ ಹತ್ತಿರದ ಸಂಖ್ಯೆ ಇರುವ ಪಂಪೇ ಸರಿಯಾದ ಪಂಪು. ಇನ್ನು 3 ಎಚ್.ಪಿ. ಪಂಪನ್ನು ಅದೇ 40 ಮಿಲಿಮೀಟರ್ ಪೈಪಿಗೆ ಜೋಡಿಸಿ ಎರಡು ಪಟ್ಟು ನೀರು ತಳ್ಳಿಸಿದರೆ ಘರ್ಷಣಾ ನಷ್ಟ ಮೂರೂವರೆ ಪಟ್ಟಾಗುತ್ತದೆ, ಮೋಟರು ನಿಂತಾಗಲೆಲ್ಲ ಪೈಪು ಬಡಿದಂತೆ ಸದ್ದಾಗುತ್ತದೆ, ಕರೆಂಟಿನ ಒಂದು ಪಾಲು ಬರಿದೇ ಪೈಪನ್ನು ಉಜ್ಜುವುದಕ್ಕೆ ಹೋಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಪೈಪಿನಲ್ಲಿ ಹಣ ಉಳಿಸಲೆಂದು 25 ಮಿಲಿಮೀಟರ್ ಡೆಲಿವರಿ ಎಳೆದರೆ ಅದೇ 5000 ಲೀಟರಿಗೆ ನಷ್ಟ 2 ಮೀಟರಿನಿಂದ 19 ಮೀಟರಿಗೆ ಏರಿ, ಐದು ಅಂತಸ್ತಿನ ಕಟ್ಟಡಕ್ಕೆ ಹನ್ನೊಂದು ಅಂತಸ್ತಿನ ಪಂಪು ಬೇಕಾಗುತ್ತದೆ.

ಕಾರ್ಯದರ್ಶಿ: ಪಂಪನ್ನು ಎಲ್ಲಿ ಕೂರಿಸಬೇಕೆಂಬ ಬಗ್ಗೆ ಕಟ್ಟುನಿಟ್ಟು ಇದೆಯೇ?

ಎಂಜಿನಿಯರು: ನೆಲದ ಮೇಲೆ ಕೂರಿಸುವ ಮಾನೊಬ್ಲಾಕ್ ಪಂಪಾದರೆ ಸಂಪಿನ ಪಕ್ಕದಲ್ಲೇ ಇರಬೇಕು. ಪಂಪು ನೀರನ್ನು ಎಳೆಯುವುದಿಲ್ಲ. ಅದು ಒಳಗೆ ಒತ್ತಡ ತಗ್ಗಿಸುತ್ತದೆ, ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಅದರ ಮಿತಿ ಸುಮಾರು 10.3 ಮೀಟರ್, ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಅದು 9 ಮೀಟರಿನ ಸಮೀಪಕ್ಕೆ ಇಳಿಯುತ್ತದೆ, ನಡೆಯುವ ಪಂಪಿಗೆ ಅದರಲ್ಲೂ ಆರೇಳು ಮೀಟರ್ ಮಾತ್ರ ಭರವಸೆಯದು. ಸಂಪಿನೊಳಗೇ ಮುಳುಗಿರುವ ಓಪನ್‌ವೆಲ್ ಪಂಪಿಗೆ ಈ ಚಿಂತೆಯಿಲ್ಲ, ಮತ್ತೆ ಮತ್ತೆ ನೀರು ಸುರಿದು ಪ್ರೈಮ್ ಮಾಡುವ ಕೆಲಸವೂ ಇಲ್ಲ. ಸಂಪು ಬರಿದಾದಾಗ ತಾನೇ ನಿಲ್ಲುವ ರಕ್ಷಣೆಯಿದ್ದರೆ ಆಯಿತು. ಕೂರಿಸಿದ ಮೇಲೆ ಪರೀಕ್ಷೆ ಸುಲಭ: ಯಾರೂ ನೀರು ಬಳಸದ ಮಧ್ಯರಾತ್ರಿಯಲ್ಲಿ ಮೋಟರು ಓಡಿಸಿ ಟ್ಯಾಂಕುಗಳ ಮಟ್ಟ 10 ಸೆಂಟಿಮೀಟರ್ ಏರಲು ಹಿಡಿಯುವ ಹೊತ್ತನ್ನು ನೋಡಬೇಕು. ನಾಲ್ಕೂವರೆ ನಿಮಿಷವಾದರೆ ಗಂಟೆಗೆ 5000 ಲೀಟರ್ ಬರುತ್ತಿದೆ ಎಂದರ್ಥ.

ಕಾರ್ಯದರ್ಶಿ: ಲೆಕ್ಕಗಳೆಲ್ಲ ಅಂದಾಜಿನ ಹರಿವಿನ ಮೇಲೆ ನಿಂತಿವೆ. ಸದಸ್ಯರು ಒಪ್ಪಬೇಕಾದರೆ ಕಣ್ಣಿಗೆ ಕಾಣುವ ಸಾಕ್ಷಿಯೊಂದು ಬೇಕಾಗುತ್ತದೆ.

ಎಂಜಿನಿಯರು: ಅದಕ್ಕೆ ಹತ್ತು ಮೀಟರ್ ಉದ್ದದ ಪಾರದರ್ಶಕ ಟ್ಯೂಬು ಸಾಕು. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ತಾರಸಿಯ ಪೈಪಿನಿಂದಲೇ ನೀರು ಬರುವ ನಲ್ಲಿಗೆ ಟ್ಯೂಬನ್ನು ಬಿಗಿದು, ಇನ್ನೊಂದು ತುದಿಯನ್ನು ತಾರಸಿಯ ಮೇಲೆ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲಕ್ಕೆ ಕೋಲಿಗೆ ಕಟ್ಟಿ, ನಲ್ಲಿಯನ್ನು ತೆರೆದಿಡಬೇಕು. ಯಾರೂ ನೀರು ಬಳಸದಿರುವಾಗ ಟ್ಯೂಬಿನಲ್ಲಿ ನೀರು ಟ್ಯಾಂಕಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಬೆಳಿಗ್ಗೆ ಕೆಳಗಿನ ಮನೆಗಳವರು ನಲ್ಲಿ ತಿರುಗಿಸಿದಂತೆಲ್ಲ ಟ್ಯೂಬಿನ ನೀರು ಇಳಿಯುತ್ತದೆ; ಟ್ಯಾಂಕಿನ ಮಟ್ಟಕ್ಕೂ ಟ್ಯೂಬಿನ ಮಟ್ಟಕ್ಕೂ ನಡುವಿನ ಅಂತರವೇ ಆ ಕ್ಷಣದ ಘರ್ಷಣಾ ನಷ್ಟ. ಅಂತರ ದೊಡ್ಡದಾಗಿದ್ದರೆ ಪೈಪು ಬದಲಾಗಬೇಕು. ಅಂತರ ಚಿಕ್ಕದಾಗಿದ್ದೂ ಎಲ್ಲ ಮನೆಗಳ ಷವರ್ ತೆಳ್ಳಗಿದ್ದರೆ ಎತ್ತರ ಸಾಲದು. ಇವೆರಡೂ ಸರಿಯಿದ್ದು ಒಂದೇ ಮನೆಯಲ್ಲಿ ಮಾತ್ರ ತೊಂದರೆಯಿದ್ದರೆ, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಆ ಮನೆಯ ಷವರ್‌ನ ತೂತುಗಳನ್ನೋ ನಲ್ಲಿಯ ಜಾಲರಿಯನ್ನೋ ಹಳೆಯ ಕಬ್ಬಿಣದ ಪೈಪನ್ನೋ ಕಟ್ಟಿಕೊಂಡಿದೆ.

ಕಾರ್ಯದರ್ಶಿ: ಹಾಗಾದರೆ ಮುಂದಿನ ಸಭೆಗೆ ಹೋಗಬೇಕಾದ ಪ್ರಸ್ತಾವ ಯಾವುದು?

ಎಂಜಿನಿಯರು: ಮೂರನೆಯ ಟ್ಯಾಂಕನ್ನೂ 3 ಎಚ್.ಪಿ. ಮೋಟರನ್ನೂ ಕೈಬಿಡಿ. ಫ್ಲೋಟ್ ಸ್ವಿಚ್ಚನ್ನು ಈ ವಾರವೇ ಮೇಲಕ್ಕೆ ಕಟ್ಟಿಸಿ, ನಾಲ್ಕನೆಯ ಮಹಡಿಯ ಪೈಪನ್ನು ಈ ತಿಂಗಳಲ್ಲಿ ಬೇರ್ಪಡಿಸಿ, ಸ್ಟ್ಯಾಂಡೋ ಪ್ರೆಷರ್ ಪಂಪೋ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರಿನ ವರದಿ ಬಂದ ಮೇಲೆ ನಿರ್ಧರಿಸಿ. ಸ್ಟ್ಯಾಂಡು ಆಗುವುದಾದರೆ ಮಾತ್ರ ಮೋಟರಿನ ಮಾತು ಎತ್ತಿ. ಅದಕ್ಕೂ ಮೊದಲು, ಬರುವ ಸೋಮವಾರ ಬೆಳಿಗ್ಗೆ 8 ಗಂಟೆಗೆ ಟ್ಯೂಬನ್ನು ಕಟ್ಟಿ, ಮೋಟರಿಗೆ ಮತ ಹಾಕಲು ಸಿದ್ಧರಾಗಿರುವ ಸದಸ್ಯರನ್ನು ತಾರಸಿಗೆ ಕರೆದುಕೊಂಡು ಬನ್ನಿ.